ಆನ್‌ಲೈನ್ ಕ್ಲಾಸಿನ ಮೆಸೇಜ್: ಮಲೆನಾಡಿನ ಮನೆಗೆ ಸರಿಯಾಗಿ ತಲುಪುವಂತೆ ಬರೆಯುವುದು ಹೇಗೆ

ನಾನು ತೀರ್ಥಹಳ್ಳಿಯಲ್ಲಿ ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಗಣಿತ ಟ್ಯೂಷನ್ ಮಾಡುತ್ತೇನೆ. ಮಳೆಗಾಲದಲ್ಲಿ ಆಗುಂಬೆ ಕಡೆಯ ಮಕ್ಕಳು, ಹೊಸನಗರದ ಕಡೆಯ ಮಕ್ಕಳು ಸಂಜೆ ಬಸ್ಸು ಹಿಡಿದು ಬಂದು ಹೋಗುವುದು ಕಷ್ಟ. ಹಾಗಾಗಿ ವಾರಕ್ಕೆ ಮೂರು ದಿನ ಆನ್‌ಲೈನ್ ಕ್ಲಾಸ್. ಮೊದಲ ಕ್ಲಾಸಿಗೆ ನಾನು ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ ಮೆಸೇಜ್ ಇದು:

"ನಮಸ್ತೆ ಮಕ್ಕಳೇ. ನಾಳೆ 7ಕ್ಕೆ ಆನ್‌ಲೈನ್ ಕ್ಲಾಸ್ ಇದೆ. ಎಲ್ಲರೂ ತಪ್ಪದೇ ಜಾಯಿನ್ ಆಗಿ. ಬೇಕಾದ್ದನ್ನೆಲ್ಲ ರೆಡಿ ಇಟ್ಟುಕೊಳ್ಳಿ. ಲಿಂಕ್ ಆಮೇಲೆ ಕಳಿಸುತ್ತೇನೆ."

ಹದಿನಾಲ್ಕು ಮಕ್ಕಳಲ್ಲಿ ಬಂದವರು ಆರು. ಉಳಿದವರ ಮನೆಗೆ ಒಂದೊಂದಾಗಿ ಫೋನ್ ಮಾಡಿ ಕೇಳಿದೆ. ಒಬ್ಬ ಹುಡುಗಿ ಬೆಳಗ್ಗೆ ಏಳಕ್ಕೇ ಫೋನ್ ಹಿಡಿದು ಕೂತಿದ್ದಳು. ಒಬ್ಬನ ಅಪ್ಪಯ್ಯ ಹೇಳಿದರು, "ಮೇಷ್ಟ್ರೇ, ಮೆಸೇಜ್ ನಂಗೆ ಸಿಕ್ಕಿದ್ದೇ ಮಾರನೇ ದಿನ. ನಾಳೆ ಅಂತ ಇತ್ತು, ಹಾಗಾಗಿ ಇನ್ನೂ ಒಂದು ದಿನ ಇದೆ ಅಂದ್ಕೊಂಡೆ." ಇನ್ನಿಬ್ಬರಿಗೆ ಲಿಂಕ್ ಒತ್ತಿದಾಗ ಆ್ಯಪ್ ಇನ್‌ಸ್ಟಾಲ್ ಮಾಡಿ ಎಂದು ಬಂತು. ಅದು ಇಳಿಯುವುದರೊಳಗೆ ಕ್ಲಾಸ್ ಮುಗಿದಿತ್ತು. ಕ್ಲಾಸಿಗೆ ಬಂದ ಆರು ಮಂದಿಯಲ್ಲೂ ನಾಲ್ವರ ಹತ್ತಿರ ಸ್ಕೇಲ್ ಇರಲಿಲ್ಲ.

ಅವತ್ತಿನಿಂದ ಆ ಮೆಸೇಜನ್ನು ಪಾಠದ ಒಂದು ಭಾಗ ಎಂದೇ ಕೂತು ಬರೆಯುತ್ತೇನೆ. ಅದನ್ನು ಹೇಗೆ ಬರೆಯುತ್ತೇನೆ ಎಂದು ಒಂದು ಬುಧವಾರದ ಕ್ಲಾಸನ್ನೇ ಇಟ್ಟುಕೊಂಡು ಹೇಳುತ್ತೇನೆ.

ಓದುವವರು ಯಾರು ಎಂದು ಮೊದಲು ನೋಡಿ

ಮೆಸೇಜ್ ಮಕ್ಕಳಿಗೆ ಎಂದು ಬರೆಯುತ್ತೇವೆ. ಆದರೆ ಫೋನ್ ಇರುವುದು ಅಪ್ಪನ ಜೇಬಿನಲ್ಲಿ. ಅಪ್ಪ ಇರುವುದು ತೋಟದಲ್ಲಿ. ತೋಟದಲ್ಲಿ ಸಿಗ್ನಲ್ ಇಲ್ಲ. ಸಂಜೆ ಮನೆಗೆ ಬಂದು, ಅಂಗಳದ ಒಂದು ಮೂಲೆಯಲ್ಲೋ ಕೊಟ್ಟಿಗೆಯ ಹಿಂದಿನ ದಿಬ್ಬದಲ್ಲೋ ನೆಟ್‌ವರ್ಕ್ ಸಿಕ್ಕಿದಾಗ ದಿನದ ಮೆಸೇಜೆಲ್ಲ ಒಟ್ಟಿಗೆ ಬೀಳುತ್ತದೆ. ಅದರಲ್ಲಿ ನಿಮ್ಮದೂ ಒಂದು. ಅಮ್ಮನೋ ಅಜ್ಜನೋ ಓದಿ ಮಗುವಿಗೆ ಬಾಯಲ್ಲಿ ಹೇಳುವುದೂ ಇದೆ.

ಹಾಗಾಗಿ ಮೆಸೇಜ್ ತಡವಾಗಿ ತಲುಪಿದರೂ ಅರ್ಥ ಕೆಡಬಾರದು. ನೆಟ್‌ವರ್ಕ್ ಹೋದ ಮೇಲೂ ತೆರೆದು ಓದುವಂತಿರಬೇಕು. ಬಣ್ಣದ ಪೋಸ್ಟರ್ ಮಾಡಿ ಫೋಟೋ ಕಳಿಸುವುದನ್ನು ಬಿಟ್ಟುಬಿಡಿ. ದುರ್ಬಲ ಸಿಗ್ನಲ್ಲಿನಲ್ಲಿ ಫೋಟೋ ಇಳಿಯದೆ ಮಸುಕಾಗಿಯೇ ನಿಲ್ಲುತ್ತದೆ. ಇಳಿದರೂ ಫೋಟೋದೊಳಗಿನ ಲಿಂಕನ್ನು ಒತ್ತಲು ಬರುವುದಿಲ್ಲ. ಬರಿ ಅಕ್ಷರಗಳ ಮೆಸೇಜ್ ಸಿಗ್ನಲ್ ಕಡಿಮೆ ಇದ್ದರೂ ಸಾಮಾನ್ಯವಾಗಿ ಹೋಗಿ ಸೇರುತ್ತದೆ.

ಎಲ್ಲಿ ಕ್ಲಾಸ್ ಎಂದು ತೀರ್ಮಾನಿಸಿ, ಲಿಂಕ್ ಮಾಡಿಟ್ಟುಕೊಳ್ಳಿ

ಗೂಗಲ್ ಮೀಟ್, ಜೂಮ್ ಎರಡರಲ್ಲೂ ಉಚಿತವಾಗಿ ಕ್ಲಾಸ್ ಮಾಡಬಹುದು. ಎರಡಕ್ಕೂ ಸಮಯದ ಮಿತಿ ಇದೆ. ಉಚಿತ ಜೂಮ್ 40 ನಿಮಿಷಕ್ಕೆ ನಿಲ್ಲುತ್ತದೆ. ಉಚಿತ ಮೀಟ್‌ನಲ್ಲಿ ಮೂರು ಅಥವಾ ಹೆಚ್ಚು ಜನ ಇದ್ದರೆ 60 ನಿಮಿಷ. ಗಣಿತದಲ್ಲಿ ಒಂದು ಪ್ರಮೇಯ, ಎರಡು ಲೆಕ್ಕ ಮಾಡಲು, ಮಕ್ಕಳು ಸೇರಿಕೊಳ್ಳುವ ಹೊತ್ತೂ ಸೇರಿ, 50 ನಿಮಿಷವಾದರೂ ಬೇಕು. ಅದಕ್ಕೇ ನಾನು ಮೀಟ್ ಆರಿಸಿಕೊಂಡೆ. ಯಾವುದನ್ನು ಆರಿಸಿದರೂ ವರ್ಷವಿಡೀ ಅದನ್ನೇ ಇಟ್ಟುಕೊಳ್ಳಿ. ಒಂದು ವಾರ ಇದು, ಇನ್ನೊಂದು ವಾರ ಅದು ಎಂದರೆ ಪ್ರತಿ ಸಲವೂ ಯಾರಾದರೂ ಇಬ್ಬರು ಹೊರಗೇ ಉಳಿಯುತ್ತಾರೆ.

ದಿನಕ್ಕೊಂದು ಹೊಸ ಲಿಂಕ್ ಬೇಡ. ಗೂಗಲ್ ಕ್ಯಾಲೆಂಡರಿನಲ್ಲಿ ಕ್ಲಾಸಿನ ದಿನ ಮತ್ತು ಹೊತ್ತು ಹಾಕಿ, `Add video conferencing` ಒತ್ತಿ. ಆಮೇಲೆ ವಾರದ ಅದೇ ದಿನಗಳಿಗೆ ಅದು ಮರುಕಳಿಸುವಂತೆ ಮಾಡಿ. ಆಗ ಎಲ್ಲ ಕ್ಲಾಸಿಗೂ ಒಂದೇ ಲಿಂಕ್ ಇರುತ್ತದೆ. ಇದರಿಂದ ಒಂದು ದೊಡ್ಡ ಉಪಕಾರ ಇದೆ. ಇವತ್ತಿನ ಮೆಸೇಜ್ ತಲುಪದಿದ್ದರೂ ಮಗು ಹಳೇ ಮೆಸೇಜಿನ ಲಿಂಕ್ ಒತ್ತಿ ಒಳಗೆ ಬರಬಹುದು.

ಆ್ಯಪ್ ಇನ್‌ಸ್ಟಾಲ್ ಮಾಡಿಸುವ ಕೆಲಸ ಕ್ಲಾಸಿನ ಮೆಸೇಜಿನಲ್ಲಿ ಬರಬಾರದು. ಅದಕ್ಕೆ ಬೇರೆಯೇ ಮೆಸೇಜ್, ಮೊದಲ ಕ್ಲಾಸಿಗೆ ಎರಡು ಮೂರು ದಿನ ಮುಂಚೆ. "ಪೇಟೆಗೆ ಹೋದಾಗ ಅಥವಾ ನೆಟ್‌ವರ್ಕ್ ಚೆನ್ನಾಗಿರುವ ಕಡೆ ಗೂಗಲ್ ಮೀಟ್ ಆ್ಯಪ್ ಹಾಕಿಸಿಕೊಳ್ಳಿ. ಆದ ಮೇಲೆ ಮಗುವಿನ ಹೆಸರು, ಮತ್ತು ಆ ಫೋನಿನ ಗೂಗಲ್ ಅಕೌಂಟ್ ಯಾರ ಹೆಸರಲ್ಲಿದೆ ಎಂದು ನನಗೆ ಕಳಿಸಿ." ಇಷ್ಟು ಸಾಕು.

ಅಕೌಂಟಿನ ಹೆಸರು ಯಾಕೆ ಬೇಕು ಎಂದರೆ, ಮೀಟ್‌ಗೆ ಬರುವವರು ಸಾಮಾನ್ಯವಾಗಿ `Ask to join` ಒತ್ತಿ ಕಾಯಬೇಕು. ಆಗ ನಿಮಗೆ ಕಾಣುವುದು ಮಗುವಿನ ಹೆಸರಲ್ಲ, ಅಪ್ಪನದೋ ಚಿಕ್ಕಪ್ಪನದೋ ಹೆಸರು. ಯಾರೋ ಗೊತ್ತಿಲ್ಲದವರು ಎಂದು ನೀವು ಬಿಡುವುದಿಲ್ಲ, ಮಗು ಹೊರಗೆ ಕಾಯುತ್ತಲೇ ಇರುತ್ತದೆ. ನಾನು ಹದಿನಾಲ್ಕು ಹೆಸರಿನ ಒಂದು ಚೀಟಿ ಮಾಡಿ ಲ್ಯಾಪ್‌ಟಾಪಿನ ಪಕ್ಕ ಅಂಟಿಸಿಕೊಂಡಿದ್ದೇನೆ: ಎಡಕ್ಕೆ ಪರದೆಯಲ್ಲಿ ಬರುವ ಹೆಸರು, ಬಲಕ್ಕೆ ಮಗುವಿನ ಹೆಸರು. ಚೀಟಿಯಲ್ಲಿ ಇಲ್ಲದವರನ್ನು ಒಳಗೆ ಬಿಡುವುದಿಲ್ಲ.

ದಿನ ಮತ್ತು ಹೊತ್ತು

"ನಾಳೆ", "ಇವತ್ತು", "ನಾಡಿದ್ದು" ಎಂಬ ಪದಗಳನ್ನು ಈ ಮೆಸೇಜಿನಿಂದ ತೆಗೆದುಬಿಡಿ. ಸೋಮವಾರ ರಾತ್ರಿ ಕಳಿಸಿದ "ನಾಳೆ" ಮಂಗಳವಾರ ಬೆಳಗ್ಗೆ ಓದುವವರಿಗೆ ಬುಧವಾರವಾಗುತ್ತದೆ. ವಾರ ಮತ್ತು ತಾರೀಕು ಎರಡನ್ನೂ ಬರೆಯಿರಿ: "ಬುಧವಾರ, ಜುಲೈ 8". ಒಂದರಲ್ಲಿ ಕೈತಪ್ಪಾಗಿದ್ದರೆ ಇನ್ನೊಂದು ನೋಡಿ ಯಾರಾದರೂ ಕೇಳುತ್ತಾರೆ.

ಹೊತ್ತಿಗೆ "ಬೆಳಗ್ಗೆ", "ಸಂಜೆ", "ರಾತ್ರಿ" ಸೇರಿಸಿ. ಬರಿ 7 ಎಂದರೆ ಎರಡು ಏಳು ಇವೆ, ಅಲ್ವಾ? ನಾನು ಎರಡು ಹೊತ್ತು ಬರೆಯುತ್ತೇನೆ. "ಸಂಜೆ 6:45ರಿಂದ ಒಳಗೆ ಬರಬಹುದು. ಸರಿಯಾಗಿ 7ಕ್ಕೆ ಪಾಠ ಶುರು." ಮೊದಲ ಹದಿನೈದು ನಿಮಿಷ ಸೇರಿಕೊಳ್ಳುವುದಕ್ಕೆ, ದನಿ ಕೇಳುತ್ತಿದೆಯಾ ಎಂದು ನೋಡುವುದಕ್ಕೆ. ಇದನ್ನು ಬರೆಯದಿದ್ದರೆ ಎಲ್ಲರೂ 7ಕ್ಕೇ ಲಿಂಕ್ ಒತ್ತುತ್ತಾರೆ. ಹದಿನಾಲ್ಕು ಮಂದಿಯನ್ನು ಒಳಗೆ ಬಿಟ್ಟು, "ಕೇಳ್ತಾ ಇದ್ಯಾ" ಎಂದು ಕೇಳುವುದರಲ್ಲೇ 7:15 ಆಗುತ್ತದೆ.

ಆದರೆ ಇಲ್ಲೊಂದು ಲೆಕ್ಕ ಇದೆ. ಮೀಟ್‌ನ 60 ನಿಮಿಷ ಪಾಠ ಶುರುವಾದಾಗಿನಿಂದ ಅಲ್ಲ, ಕ್ಲಾಸ್ ತೆರೆದಾಗಿನಿಂದಲೇ ಓಡುತ್ತದೆ ಎಂದಿಟ್ಟುಕೊಳ್ಳಿ. 6:45ಕ್ಕೆ ತೆರೆದರೆ 7:45ಕ್ಕೆ ಮುಗಿಯುತ್ತದೆ. ಹಾಗಾಗಿ ಮುಗಿಯುವ ಹೊತ್ತನ್ನೂ 7:40 ಎಂದು ಬರೆಯುತ್ತೇನೆ. ಪಾಠ ಜಾಸ್ತಿ ಇದ್ದ ದಿನ 6:55ಕ್ಕೆ ತೆರೆದು 7:50ಕ್ಕೆ ಮುಗಿಸುತ್ತೇನೆ. ಮುಗಿಯುವ ಹೊತ್ತು ಬರೆದರೆ ಅಪ್ಪನಿಗೆ ಫೋನ್ ಯಾವಾಗ ವಾಪಸ್ ಸಿಗುತ್ತದೆ ಎಂದು ಗೊತ್ತಾಗುತ್ತದೆ. ಫೋನ್ ಕೊಡುವ ಮನಸ್ಸಿಗೆ ಇದೂ ಒಂದು ಕಾರಣ.

ಸಂಜೆ 7 ಎಂದು ಇಟ್ಟಿದ್ದೂ ಮನೆಗಳನ್ನು ಕೇಳಿಯೇ. ಅಷ್ಟು ಹೊತ್ತಿಗೆ ಹಾಲು ಕರೆದಾಗಿರುತ್ತದೆ, ಫೋನ್ ತೋಟದಿಂದ ಮನೆಗೆ ಬಂದಿರುತ್ತದೆ.

ಲಿಂಕ್ ಇಡುವ ರೀತಿ

ಲಿಂಕ್ ಒಂದು ಸಾಲಿನಲ್ಲಿ ಒಂಟಿಯಾಗಿರಲಿ. ಅದರ ಹಿಂದೆ ಮುಂದೆ ಏನೂ ಬೇಡ. ಕನ್ನಡದಲ್ಲಿ ಬರೆಯುವಾಗ ನಮಗೆ ಒಂದು ತಪ್ಪು ಸಹಜವಾಗಿ ಆಗುತ್ತದೆ. ಪದಕ್ಕೆ ವಿಭಕ್ತಿ ಅಂಟಿಸುವಂತೆ ಲಿಂಕಿಗೂ ಅಂಟಿಸಿಬಿಡುತ್ತೇವೆ. ಹೀಗೆ:

```
https://meet.google.com/abc-defg-hijಗೆ ಬನ್ನಿ
```

ಆ "ಗೆ" ಲಿಂಕಿನ ಒಳಗೇ ಸೇರಿಹೋಗಬಹುದು. ಒತ್ತಿದರೆ ಅಂಥ ಕ್ಲಾಸೇ ಇಲ್ಲ ಎಂದು ಬರುತ್ತದೆ. ಕೊನೆಯಲ್ಲಿ ಪೂರ್ಣವಿರಾಮ, ಆವರಣ ಚಿಹ್ನೆ, ದಪ್ಪಕ್ಷರಕ್ಕೆಂದು ಹಾಕುವ ನಕ್ಷತ್ರ ಚಿಹ್ನೆ ಇವೂ ಬೇಡ. ಸರಿಯಾದದ್ದು ಹೀಗಿರುತ್ತದೆ:

```
https://meet.google.com/abc-defg-hij
```

ಮೀಟ್‌ನ ಕೋಡ್ ಯಾವಾಗಲೂ ಮೂರು, ನಾಲ್ಕು, ಮೂರು ಹೀಗೆ ಹತ್ತು ಇಂಗ್ಲಿಷ್ ಅಕ್ಷರ. ಕಳಿಸುವ ಮುಂಚೆ ಎಣಿಸಿ ನೋಡಿ. ಕಾಪಿ ಮಾಡುವಾಗ ಕೊನೆಯ ಒಂದು ಅಕ್ಷರ ಬಿಟ್ಟುಹೋದರೂ ಬಾಗಿಲು ತೆರೆಯುವುದಿಲ್ಲ. ಜೂಮ್ ಬಳಸುವವರು ಲಿಂಕಿನಲ್ಲಿ `?pwd=` ಎಂಬ ಭಾಗ ಇದೆಯಾ ನೋಡಿಕೊಳ್ಳಿ. ಅದರಾಚೆಗಿನದು ಪಾಸ್‌ಕೋಡ್. ಅದು ತುಂಡಾಗಿದ್ದರೆ ಮಕ್ಕಳಿಗೆ ಪಾಸ್‌ಕೋಡ್ ಕೇಳುತ್ತದೆ. ಮಕ್ಕಳ ಹತ್ತಿರ ಅದು ಇರುವುದಿಲ್ಲ.

ಲಿಂಕಿನ ಕೆಳಗೆ ಕೋಡನ್ನು ಬೇರೆಯಾಗಿ ಇನ್ನೊಂದು ಸಲ ಬರೆಯುತ್ತೇನೆ. ವಾಟ್ಸಾಪ್ ಬರದ ಮನೆಗೆ ಸಾದಾ ಎಸ್‌ಎಂಎಸ್ ಹೋಗುತ್ತದೆ, ಫೋನ್ ಮಾಡಿ ಹೇಳಿದರೂ ಆಗುತ್ತದೆ. ಮಗು ಮೀಟ್ ಆ್ಯಪ್ ತೆರೆದು ಕೋಡ್ ಹಾಕಿ ಒಳಗೆ ಬರಬಹುದು. ಫೋನಿನಲ್ಲಿ ಹೇಳುವಾಗ ಬಿ, ಡಿ, ಪಿ, ಟಿ ಎಲ್ಲ ಒಂದೇ ಥರ ಕೇಳುತ್ತವೆ. "ಬಾಲ್‌ನ ಬಿ, ಡಾಗ್‌ನ ಡಿ" ಎಂದು ಬಿಡಿಸಿ ಹೇಳಿ.

ಇನ್ನೊಂದು ಮಾತು. ಗೊತ್ತಿಲ್ಲದ ನಂಬರಿನಿಂದ ಬಂದ ಮೆಸೇಜಿನ ಲಿಂಕ್ ವಾಟ್ಸಾಪಿನಲ್ಲಿ ಕೆಲವೊಮ್ಮೆ ಒತ್ತಲು ಬರುವುದಿಲ್ಲ. ಬ್ರಾಡ್‌ಕಾಸ್ಟ್ ಮಾಡಿದರಂತೂ ನಿಮ್ಮ ನಂಬರ್ ಉಳಿಸಿಕೊಂಡವರಿಗೆ ಮಾತ್ರ ಅದು ಹೋಗುತ್ತದೆ. ಸೇರುವ ದಿನವೇ ಪ್ರತಿ ಮನೆಯ ಫೋನಿನಲ್ಲೂ ನಿಮ್ಮ ನಂಬರನ್ನು ಹೆಸರು ಹಾಕಿ ಉಳಿಸಿ ಕೊಡಿ.

ಏನು ಸಿದ್ಧ ಮಾಡಿಕೊಳ್ಳಬೇಕು

ಮೆಸೇಜಿನಲ್ಲಿ ನಾನು ಹೆಚ್ಚು ಹೊತ್ತು ಯೋಚಿಸುವ ಭಾಗ ಇದು. "ಬೇಕಾದ್ದನ್ನೆಲ್ಲ" ಎಂದರೆ ಮಗುವಿಗೆ ಏನೂ ತಿಳಿಯುವುದಿಲ್ಲ. ಹತ್ತು ವಸ್ತುಗಳ ಪಟ್ಟಿ ಕೊಟ್ಟರೂ ಯಾರೂ ಪೂರ್ತಿ ಓದುವುದಿಲ್ಲ. ನಾನು ಎರಡೇ ಭಾಗ ಮಾಡುತ್ತೇನೆ: ಪಕ್ಕದಲ್ಲಿ ಇರಬೇಕಾದ್ದು, ಮುಂಚೆಯೇ ಮಾಡಿರಬೇಕಾದ್ದು.

ಆ ಬುಧವಾರದ ಪಾಠ ತ್ರಿಭುಜಗಳ ಅಧ್ಯಾಯದ ಥೇಲ್ಸ್ ಪ್ರಮೇಯ. ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ಗೆರೆ ಉಳಿದೆರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ಭಾಗ ಮಾಡುತ್ತದೆ ಎನ್ನುವುದು. ಇದನ್ನು ಪರದೆಯ ಮೇಲೆ ಎಷ್ಟು ಚೆನ್ನಾಗಿ ತೋರಿಸಿದರೂ, ತಾನೇ ಅಳೆದು ನೋಡಿದ ಮಗುವಿಗೆ ಹತ್ತುವಷ್ಟು ಹತ್ತುವುದಿಲ್ಲ. ಕ್ಲಾಸಿನಲ್ಲಿ ಚಿತ್ರ ಬರೆಸಲು ಹೊರಟರೆ ಹದಿನೈದು ನಿಮಿಷ ಹೋಗುತ್ತದೆ. ಅದಕ್ಕೆ ಚಿತ್ರ ಮನೆಯಲ್ಲೇ ಆಗಿರಬೇಕು ಎಂದು ಮೆಸೇಜಿನಲ್ಲಿ ಬರೆದೆ. ಅಳತೆಯನ್ನೂ ನಾನೇ ಕೊಟ್ಟೆ: AB = 6 ಸೆಂ.ಮೀ., BC = 7.5 ಸೆಂ.ಮೀ., AC = 9 ಸೆಂ.ಮೀ. AB ಮೇಲೆ A ಯಿಂದ 2 ಸೆಂ.ಮೀ. ದೂರದಲ್ಲಿ D ಗುರುತು. D ಯಿಂದ BC ಗೆ ಸಮಾಂತರ ಗೆರೆ, ಅದು AC ಯನ್ನು ಮುಟ್ಟುವ ಜಾಗ E. ಆಮೇಲೆ AE ಎಷ್ಟು, EC ಎಷ್ಟು ಎಂದು ಅಳೆದು ಬರೆದಿಡಬೇಕು.

ಅಳತೆ ಸುಮ್ನೆ ಆರಿಸಿದ್ದಲ್ಲ. ಸರಿಯಾಗಿ ಬರೆದರೆ AE 3 ಸೆಂ.ಮೀ., EC 6 ಸೆಂ.ಮೀ. ಬರುತ್ತದೆ. AD ಮತ್ತು DB 2 ಮತ್ತು 4. ಎರಡು ಕಡೆಯೂ ಒಂದಕ್ಕೆ ಎರಡು. ಪೂರ್ಣ ಸಂಖ್ಯೆ ಬಂದಾಗ ಮಗುವಿನ ಕಣ್ಣಿಗೆ ಅನುಪಾತ ತಾನಾಗಿಯೇ ಕಾಣುತ್ತದೆ. ಉತ್ತರವನ್ನು ಮಾತ್ರ ಮೆಸೇಜಿನಲ್ಲಿ ಬರೆಯಬೇಡಿ. ಬರೆದರೆ ಅಳೆಯದೆಯೇ 3 ಎಂದು ಬರೆದಿಡುತ್ತಾರೆ. ಕ್ಲಾಸಿನಲ್ಲಿ ಒಬ್ಬಳು "ನಂಗೆ 3.3 ಬಂತು ಸಾರ್" ಎಂದಳು. ಅವಳ ಗೆರೆ ಸಮಾಂತರ ಇರಲಿಲ್ಲ ಎಂದು ಅಲ್ಲೇ ತಿಳಿಯಿತು. ಸಮಾಂತರ ಯಾಕೆ ಇರಲೇಬೇಕು ಎಂಬ ಪಾಠ ಅಲ್ಲಿಂದಲೇ ಶುರುವಾಯಿತು.

ಫೋನಿನ ತಯಾರಿಯನ್ನೂ ಒಂದು ಸಾಲಿನಲ್ಲಿ ಹೇಳಬೇಕು. ಮಳೆ ಗಾಳಿ ಬಂದರೆ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ. "ಸಂಜೆ ಚಾರ್ಜ್ ಮಾಡಿ" ಎಂದರೆ ಆಗದು, "ಕರೆಂಟ್ ಇದ್ದಾಗಲೇ, ಮಧ್ಯಾಹ್ನದೊಳಗೆ ಚಾರ್ಜ್ ಮಾಡಿಡಿ" ಎನ್ನಬೇಕು. ದಿನಕ್ಕಿಷ್ಟು ಎಂದು ಸಿಗುವ ಡೇಟಾ ರಾತ್ರಿ ಹನ್ನೆರಡರವರೆಗೆ ಅಷ್ಟೇ. ಹಗಲೆಲ್ಲ ವಿಡಿಯೋ ನೋಡಿ ಮುಗಿದಿದ್ದರೆ ಸಂಜೆ ಕ್ಲಾಸಿಗೆ ಉಳಿಯುವುದಿಲ್ಲ. ಕ್ಯಾಮೆರಾ ಆಫ್ ಇಡಲು ಹೇಳಿ. ಡೇಟಾ ಉಳಿಯುತ್ತದೆ, ದನಿಯೂ ತುಂಡಾಗುವುದು ಕಡಿಮೆ.

ಸೇರಲು ಆಗದಿದ್ದರೆ ಏನು

ಈ ಸಾಲನ್ನು ಬಿಡಲೇಬೇಡಿ. ಕರೆಂಟ್ ತುಂಬಾ ಹೊತ್ತು ಇಲ್ಲದಿದ್ದರೆ ಟವರಿನ ಬ್ಯಾಟರಿಯೂ ಖಾಲಿಯಾಗಿ ಇಡೀ ಊರಿಗೆ ಸಿಗ್ನಲ್ ಹೋಗುತ್ತದೆ. ಅದು ಮಗುವಿನ ತಪ್ಪಲ್ಲ. ಆದರೆ "ತಪ್ಪದೇ ಬನ್ನಿ" ಎಂದು ಬರೆದಿದ್ದನ್ನು ಮಗು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ನನ್ನ ಒಬ್ಬ ಹುಡುಗ ಆಷಾಢದ ಮಳೆಯಲ್ಲಿ, ಕತ್ತಲಲ್ಲಿ, ಛತ್ರಿ ಹಿಡಿದು ಮನೆ ಹಿಂದಿನ ಗುಡ್ಡ ಹತ್ತಿ ಕ್ಲಾಸ್ ಕೇಳಿದ್ದ. ಮಾರನೇ ದಿನ ಅವನಮ್ಮ ಹೇಳಿದಾಗಲೇ ನನಗೆ ಗೊತ್ತಾಗಿದ್ದು. ಕಾಲು ತುಂಬಾ ಉಂಬಳ ಕಚ್ಚಿದ ಗುರುತು. ಉಂಬಳ ಹೋಗಲಿ, ಜಾರಿ ಬಿದ್ದಿದ್ದರೆ? ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದಕ್ಕೆ ಈಗ ಪ್ರತಿ ಮೆಸೇಜಿನಲ್ಲೂ ಗುಡ್ಡ ಹತ್ತಬೇಡಿ ಎಂದು ಬರೆಯುತ್ತೇನೆ. ಬಾರದವರಿಗೆ ಏನು ಸಿಗುತ್ತದೆ, ಯಾವಾಗ ಸಿಗುತ್ತದೆ ಎಂಬುದನ್ನೂ ಅದರ ಜೊತೆಗೇ ಬರೆಯಬೇಕು. ಇಲ್ಲದಿದ್ದರೆ ಆ ಮಾತಿಗೆ ಬೆಲೆ ಇಲ್ಲ. ನಾನು ಬೋರ್ಡಿನ ಫೋಟೋ ಮತ್ತು ಐದು ನಿಮಿಷದೊಳಗಿನ ಒಂದು ವಾಯ್ಸ್ ಮೆಸೇಜ್ ಹಾಕುತ್ತೇನೆ.

ಪೂರ್ತಿ ಮೆಸೇಜ್

ಆ ಬುಧವಾರಕ್ಕೆ ಕಳಿಸಿದ್ದು ಇದು. ಕೋಡ್ ಮಾತ್ರ ಇಲ್ಲಿ ಬದಲಿಸಿದ್ದೇನೆ.

> *10ನೇ ತರಗತಿ ಗಣಿತ, ಆನ್‌ಲೈನ್ ಕ್ಲಾಸ್*
>
> *ಬುಧವಾರ, ಜುಲೈ 8. ಸಂಜೆ 7:00ರಿಂದ 7:40*
> ಸಂಜೆ 6:45ರಿಂದ ಒಳಗೆ ಬರಬಹುದು.
>
> ಗೂಗಲ್ ಮೀಟ್. ಯಾವಾಗಲೂ ಇರುವ ಲಿಂಕೇ:
>
> https://meet.google.com/abc-defg-hij
>
> ಕೋಡ್: abc-defg-hij
>
> ಪಾಠ: ಥೇಲ್ಸ್ ಪ್ರಮೇಯ
>
> ಪಕ್ಕದಲ್ಲಿ ಇರಲಿ: ಗಣಿತ ಪುಸ್ತಕ, ನೋಟ್ಸ್, ಪೆನ್ಸಿಲ್, ಸ್ಕೇಲ್.
>
> ಮುಂಚೆಯೇ ಮಾಡಿ: AB = 6, BC = 7.5, AC = 9 ಸೆಂ.ಮೀ. ಇರುವ ತ್ರಿಭುಜ ಬರೆಯಿರಿ. AB ಮೇಲೆ A ಯಿಂದ 2 ಸೆಂ.ಮೀ.ಗೆ D ಗುರುತು ಮಾಡಿ. D ಯಿಂದ BC ಗೆ ಸಮಾಂತರವಾಗಿ ಗೆರೆ ಎಳೆಯಿರಿ. ಅದು AC ಯನ್ನು ಮುಟ್ಟುವ ಜಾಗ E. AE, EC ಅಳೆದು ಬರೆದಿಡಿ.
>
> ಫೋನ್: ಕರೆಂಟ್ ಇದ್ದಾಗಲೇ ಮಧ್ಯಾಹ್ನದೊಳಗೆ ಚಾರ್ಜ್ ಮಾಡಿ. ಕ್ಯಾಮೆರಾ, ಮೈಕ್ ಆಫ್ ಇರಲಿ.
>
> ನೆಟ್‌ವರ್ಕ್ ಸಿಗದಿದ್ದರೆ ಮಳೆಯಲ್ಲಿ ಹೊರಗೆ ಹೋಗಬೇಡಿ, ಗುಡ್ಡ ಹತ್ತಬೇಡಿ. ಬೋರ್ಡಿನ ಫೋಟೋ ಮತ್ತು ವಾಯ್ಸ್ ಮೆಸೇಜ್ ರಾತ್ರಿ 9ರೊಳಗೆ ಇದೇ ಗ್ರೂಪಿಗೆ ಹಾಕುತ್ತೇನೆ.

ಯಾವಾಗ, ಎಲ್ಲಿ, ಲಿಂಕ್ ಮೂರೂ ಮೇಲಿರಲಿ. ಮೆಸೇಜ್ ಉದ್ದವಾದರೆ ವಾಟ್ಸಾಪ್ ಅರ್ಧವನ್ನು ಮಡಚಿ `Read more` ಎಂದು ತೋರಿಸುತ್ತದೆ. ಒತ್ತಿ ನೋಡದವರಿಗೂ ಈ ಮೂರು ಕಾಣಬೇಕು. ದಪ್ಪಕ್ಷರ ದಿನ ಮತ್ತು ಹೊತ್ತಿಗೆ ಸಾಕು.

ಕಳಿಸುವುದು, ತಲುಪಿತೇ ಎಂದು ನೋಡುವುದು

ಗ್ರೂಪಿಗೆ ಹಾಕುವ ಮೊದಲು ಮನೆಯ ಇನ್ನೊಂದು ಫೋನಿಗೆ, ಬೇರೆ ಗೂಗಲ್ ಅಕೌಂಟ್ ಇರುವುದಕ್ಕೆ, ಕಳಿಸಿ ಲಿಂಕ್ ಒತ್ತಿ ನೋಡಿ. ನಿಮ್ಮ ಫೋನಿನಲ್ಲಿ ತೆರೆಯಿತು ಎಂದರೆ ಸಾಲದು, ಕ್ಲಾಸ್ ನಿಮ್ಮದೇ ಆದ್ದರಿಂದ ಅದು ನಿಮಗೆ ಹೇಗೂ ತೆರೆಯುತ್ತದೆ.

ನಾನು ಸೋಮವಾರ ಸಂಜೆಯೇ ಹಾಕಿದೆ. ಚಿತ್ರ ಬರೆಯಲು ಮಗುವಿಗೆ ಒಂದು ಪೂರ್ತಿ ದಿನ ಬೇಕು. ಹಾಕಿದ ಮೇಲೆ ಮೆಸೇಜನ್ನು ಒತ್ತಿ ಹಿಡಿದು `Pin` ಮಾಡಿ, 7 ದಿನ ಎಂದು ಆರಿಸಿ. ಆಗ ಮೇಲೆ ಎಷ್ಟು ಶುಭೋದಯದ ಫೋಟೋ ಬಂದರೂ ಅದು ಹೂತುಹೋಗುವುದಿಲ್ಲ.

ಮಂಗಳವಾರ ರಾತ್ರಿ ಅದೇ ಮೆಸೇಜನ್ನು ಮತ್ತೆ ಒತ್ತಿ ಹಿಡಿದು `Info` ನೋಡಿದೆ. ಯಾರು ಓದಿದ್ದಾರೆ, ಯಾರಿಗೆ ಬರಿ ತಲುಪಿದೆ ಎಂದು ಅಲ್ಲಿ ಬೇರೆ ಬೇರೆಯಾಗಿ ಕಾಣುತ್ತದೆ. ಎರಡರಲ್ಲೂ ಇಲ್ಲದವರಿಗೆ ಮೆಸೇಜ್ ಇನ್ನೂ ಹೋಗಿಲ್ಲ. ಹನ್ನೊಂದು ಜನ ಓದಿದ್ದರು, ಒಬ್ಬರಿಗೆ ತಲುಪಿತ್ತು, ಇಬ್ಬರಿಗೆ ಹೋಗೇ ಇರಲಿಲ್ಲ. ಆ ಇಬ್ಬರಿಗೂ ದಿನ, ಹೊತ್ತು, ಕೋಡ್ ಎಸ್‌ಎಂಎಸ್ ಮಾಡಿದೆ. ಒಂದು ಮನೆಗೆ ಲ್ಯಾಂಡ್‌ಲೈನ್ ಇತ್ತು, ಅಜ್ಜಿ ಫೋನ್ ಎತ್ತಿದರು, ತ್ರಿಭುಜದ ಅಳತೆಯನ್ನು ಅವರೇ ಹಾಲಿನ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡು ಮೊಮ್ಮಗನಿಗೆ ಕೊಟ್ಟರಂತೆ.

ಬುಧವಾರ ಸಂಜೆ 6:45ಕ್ಕೆ ಒಂದು ಸಣ್ಣ ಮೆಸೇಜ್, "ಬಾಗಿಲು ತೆರೆದಿದೆ, 7ಕ್ಕೆ ಶುರು", ಕೆಳಗೆ ಲಿಂಕ್. ಮತ್ತೇನೂ ಇಲ್ಲ. ಪೂರ್ತಿ ಮೆಸೇಜನ್ನು ಮತ್ತೆ ಹಾಕಿದರೆ ಏನೋ ಬದಲಾಗಿದೆ ಎಂದು ಗಾಬರಿಯಾಗುತ್ತಾರೆ.

ನಿಜವಾಗಿಯೂ ಬದಲಾದಾಗ ಹಳೆಯದನ್ನು ತಿದ್ದಲು ಹೋಗಬೇಡಿ. ವಾಟ್ಸಾಪಿನಲ್ಲಿ ತಿದ್ದಲು ಕಳಿಸಿದ ಮೇಲೆ 15 ನಿಮಿಷ ಮಾತ್ರ ಸಿಗುತ್ತದೆ. ತಿದ್ದಿದರೂ ಮೊದಲೇ ಓದಿದವರು ಮತ್ತೆ ನೋಡುವುದಿಲ್ಲ. ಹಳೇ ಪಿನ್ ತೆಗೆದು, "ಬದಲಾವಣೆ" ಎಂಬ ಪದದಿಂದ ಹೊಸ ಮೆಸೇಜ್ ಶುರು ಮಾಡಿ, ಹಳೇ ಹೊತ್ತು ಮತ್ತು ಹೊಸ ಹೊತ್ತು ಎರಡನ್ನೂ ಬರೆಯಿರಿ: "ಬದಲಾವಣೆ. ಬುಧವಾರ, ಜುಲೈ 8ರ ಕ್ಲಾಸ್ ಇಲ್ಲ. ಅದರ ಬದಲು ಗುರುವಾರ, ಜುಲೈ 9, ಸಂಜೆ 7ಕ್ಕೆ. ಲಿಂಕ್ ಅದೇ. ಬರೆದ ತ್ರಿಭುಜ ಹಾಗೇ ಇಟ್ಟುಕೊಂಡಿರಿ." ಕರೆಂಟ್ ಹೋಗಿ ನೀವೇ ಕ್ಲಾಸ್ ಮಾಡಲಾಗದ ಸಂಜೆ, ಮೊಬೈಲಿನಲ್ಲಿ ಇಷ್ಟನ್ನು ಎಸ್‌ಎಂಎಸ್ ಆಗಿಯೂ ಕಳಿಸಿ. 7 ಗಂಟೆಗೆ ಫೋನ್ ಹಿಡಿದು ಕಾಯುತ್ತಾ ಕೂತ ಮಗು ಎಷ್ಟು ಹೊತ್ತಾದರೂ ಎದ್ದು ಹೋಗುವುದಿಲ್ಲ.